ಲಾಭ ಕಪಾಟಿನಲ್ಲಿ ಕುಳಿತಾಗ

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದ ಅನುಪಾತ ವಿಶ್ಲೇಷಣೆಯಲ್ಲಿ ಎಲ್ಲರೂ ಸುಲಭವಾಗಿ ಅಂಕ ಗಳಿಸುವ ಲೆಕ್ಕ ಒಂದಿದೆ. ಆರಂಭಿಕ ದಾಸ್ತಾನಿಗೆ ಅಂತಿಮ ದಾಸ್ತಾನು ಕೂಡಿಸಿ, ಎರಡರಿಂದ ಭಾಗಿಸಿದರೆ ಸರಾಸರಿ ದಾಸ್ತಾನು. ಮಾರಾಟವಾದ ಸರಕಿನ ವೆಚ್ಚವನ್ನು ಅದರಿಂದ ಭಾಗಿಸಿದರೆ ದಾಸ್ತಾನು ವಹಿವಾಟು ಅನುಪಾತ. ಉತ್ತರ 3 ಬಂದರೆ "3 ಸಲ" ಎಂದು ಬರೆದು ಕೆಳಗೆ ಗೆರೆ ಎಳೆಯುತ್ತೇವೆ. ಆದರೆ ಆ 3 ಒಂದು ಅಂಗಡಿಯ ಬಗ್ಗೆ ಏನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದು ಗೆರೆ ಎಳೆದ ಮೇಲೆ ಶುರುವಾಗುವ ವಿಷಯ. ನಮ್ಮಲ್ಲಿ ಅನೇಕರ ಮನೆಯಲ್ಲಿ ಬಟ್ಟೆ, ಚಪ್ಪಲಿ, ಫ್ಯಾನ್ಸಿ ಅಂಗಡಿ ಇರುವುದರಿಂದ ಒಂದು ಅಂಗಡಿಯನ್ನೇ ಇಟ್ಟುಕೊಂಡು ನೋಡೋಣ.

ಇದು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಅಂಗಡಿ. ತಾಲೂಕು ಕೇಂದ್ರದ ಪೇಟೆಯಲ್ಲಿ ಒಂದು ರೆಡಿಮೇಡ್ ಬಟ್ಟೆ ಅಂಗಡಿ. ವರ್ಷದ ಮಾರಾಟ 60 ಲಕ್ಷ ರೂಪಾಯಿ. ಮಾರಿದ ಬಟ್ಟೆಯ ಖರೀದಿ ವೆಚ್ಚ 45 ಲಕ್ಷ. ಅಂದರೆ ಒಟ್ಟು ಲಾಭ 15 ಲಕ್ಷ. ಬಾಡಿಗೆ, ಸಂಬಳ, ಕರೆಂಟು, ಬಡ್ಡಿ ಎಲ್ಲ ಸೇರಿ 11 ಲಕ್ಷ ಹೋದರೆ ನಿವ್ವಳ ಲಾಭ 4 ಲಕ್ಷ. ವರ್ಷದ ಆರಂಭದಲ್ಲಿ ಅಂಗಡಿಯಲ್ಲಿ 13 ಲಕ್ಷದ ಮಾಲಿತ್ತು, ಕೊನೆಗೆ 17 ಲಕ್ಷದ್ದಿದೆ. ಸರಾಸರಿ 15 ಲಕ್ಷ. ಆದ್ದರಿಂದ ಅನುಪಾತ 3 ಸಲ. 365 ದಿನವನ್ನು 3ರಿಂದ ಭಾಗಿಸಿದರೆ ಸುಮಾರು 122. ತಂದ ಮಾಲು ಮಾರಾಟವಾಗಲು ಸರಾಸರಿ 122 ದಿನ ಹಿಡಿಯುತ್ತದೆ ಎಂದರ್ಥ.

ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಅಂಕಿಯೊಂದನ್ನೇ ನೋಡಿ ಹೇಳಲಾಗದು. ದಿನಸಿ ಮಾರುವ ಡಿ-ಮಾರ್ಟ್‌ನಂಥ ಕಂಪನಿಯ ದಾಸ್ತಾನು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ತಿರುಗುತ್ತದೆ. ಬಂಗಾರದ ಅಂಗಡಿಯಲ್ಲಿ ಹಾರವೊಂದು ತಿಂಗಳುಗಟ್ಟಲೆ ಕೂತರೂ ಯಾರೂ ಗಾಬರಿಯಾಗುವುದಿಲ್ಲ, ಏಕೆಂದರೆ ವಿನ್ಯಾಸ ಹಳತಾದರೆ ಕರಗಿಸಬಹುದು. ಅಂಗಿಯನ್ನು ಕರಗಿಸಲು ಬರುವುದಿಲ್ಲ. ಹಾಗಾಗಿ ಒಂದು ಅಂಗಡಿಯನ್ನು ಅದೇ ವ್ಯಾಪಾರದ ಇನ್ನೊಂದರ ಜೊತೆ ಹೋಲಿಸಬೇಕು, ಅದಕ್ಕಿಂತ ಉತ್ತಮವೆಂದರೆ ಅದರದೇ ಹಿಂದಿನ ವರ್ಷದ ಜೊತೆ. ನಮ್ಮ ಅಂಗಡಿಯಲ್ಲಿ ಹಿಂದಿನ ವರ್ಷವೂ ಮಾರಿದ ಮಾಲಿನ ವೆಚ್ಚ 45 ಲಕ್ಷವೇ ಇತ್ತು, ಆದರೆ ಸರಾಸರಿ ದಾಸ್ತಾನು 12 ಲಕ್ಷ. ಅನುಪಾತ 3.75, ದಿನಗಳು 97. ಮಾರಾಟ ಒಂದು ರೂಪಾಯಿಯೂ ಹೆಚ್ಚಿಲ್ಲ, ಮಾಲು ಮಾತ್ರ 25 ದಿನ ಹೆಚ್ಚು ಕೂರುತ್ತಿದೆ.

ಈಗ ಯಜಮಾನರ ಸಂಕಟ ನೋಡಿ. ಆಡಿಟರ್ "ನಿಮಗೆ 4 ಲಕ್ಷ ಲಾಭ" ಎನ್ನುತ್ತಾರೆ. ಯಜಮಾನರು ಗಲ್ಲಾಪೆಟ್ಟಿಗೆ ನೋಡುತ್ತಾರೆ, ಬ್ಯಾಂಕ್ ಪಾಸ್‌ಬುಕ್ ನೋಡುತ್ತಾರೆ, ದುಡ್ಡೇ ಇಲ್ಲ. ಎಲ್ಲವನ್ನೂ ನಗದಿನಲ್ಲೇ ಕೊಂಡು ಮಾರಿದ್ದಾರೆ ಎಂದುಕೊಂಡರೆ ಉತ್ತರ ಸರಳ. 45 ಲಕ್ಷದ ಮಾಲು ಮಾರಲು ಅವರು 49 ಲಕ್ಷದ ಮಾಲು ಕೊಂಡಿದ್ದಾರೆ. ಹೆಚ್ಚಾದ 4 ಲಕ್ಷ ಅಂತಿಮ ದಾಸ್ತಾನಿನಲ್ಲಿ ಸೇರಿ 13 ಲಕ್ಷ 17 ಲಕ್ಷವಾಯಿತು. ವರ್ಷದ ಲಾಭವಿಡೀ ಬಟ್ಟೆಯಾಗಿ ಕಪಾಟಿನಲ್ಲಿ ಕುಳಿತಿದೆ. ಲೆಕ್ಕ ಸುಳ್ಳಲ್ಲ. ಆದರೆ ಆ ಬಟ್ಟೆ ಮುಂದೆ ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಾಟವಾದೀತು ಎಂಬ ನಂಬಿಕೆಯ ಮೇಲೆ ಆ ಲಾಭ ನಿಂತಿದೆ. ನಂಬಿಕೆ ಸರಿಯೇ ಎಂದು ತಿಳಿಯಲು ಕಪಾಟು ತೆರೆಯಬೇಕು.

ಕಪಾಟು ತೆರೆಯುವುದು ಎಂದರೆ ಮಾಲಿನ ವಯಸ್ಸು ನೋಡುವುದು. ಅಂತಿಮ ದಾಸ್ತಾನನ್ನು ಖರೀದಿಯಾದ ತಿಂಗಳ ಪ್ರಕಾರ ವಿಂಗಡಿಸಿದಾಗ ನಮ್ಮ ಅಂಗಡಿಯಲ್ಲಿ ಹೀಗೆ ಕಂಡಿತೆನ್ನಿ: 90 ದಿನದೊಳಗೆ ಬಂದದ್ದು 7 ಲಕ್ಷ, ಮೂರರಿಂದ ಆರು ತಿಂಗಳಿನದು 4 ಲಕ್ಷ, ಆರು ತಿಂಗಳಿಂದ ಒಂದು ವರ್ಷದ್ದು 2 ಲಕ್ಷ, ಒಂದು ವರ್ಷ ದಾಟಿದ್ದು 4 ಲಕ್ಷ. ಕೊನೆಯ ಸಾಲು ನೋಡಿದ ಕೂಡಲೇ ಅನುಪಾತದ ಗುಟ್ಟು ಬಯಲಾಗುತ್ತದೆ. ವರ್ಷ ದಾಟಿದ ಆ 4 ಲಕ್ಷದ ಮಾಲು ಆರಂಭಿಕ ದಾಸ್ತಾನಿನಲ್ಲೂ ಇತ್ತು, ಅಂತಿಮ ದಾಸ್ತಾನಿನಲ್ಲೂ ಇದೆ. ಅದು ತಿರುಗಿದ್ದು ಸೊನ್ನೆ ಸಲ. ಅದನ್ನು ಬದಿಗಿಟ್ಟರೆ ಉಳಿದ ಸರಾಸರಿ 11 ಲಕ್ಷದ ಮಾಲೇ 45 ಲಕ್ಷದ ಇಡೀ ವ್ಯಾಪಾರ ಮಾಡಿದೆ. ಅಂದರೆ ನಾಲ್ಕು ಸಲಕ್ಕಿಂತ ತುಸು ಹೆಚ್ಚು, ಸುಮಾರು 89 ದಿನ. ಒಂದು ಭಾಗ ನಾಲ್ಕು ಸಲ ತಿರುಗುತ್ತದೆ, ಇನ್ನೊಂದು ತಿರುಗುವುದೇ ಇಲ್ಲ. ನಾವು ಬರೆದ "3 ಸಲ" ಅಂಗಡಿಯ ಯಾವ ಬಟ್ಟೆಗೂ ಸೇರಿದ ಅಂಕಿಯಲ್ಲ.

ಬಟ್ಟೆ ವ್ಯಾಪಾರದಲ್ಲಿ ಇಂಥ ಸತ್ತ ಮಾಲು ಹೇಗೆ ಹುಟ್ಟುತ್ತದೆ? ಕೆಟ್ಟ ಡಿಸೈನ್ ಒಂದೇ ಕಾರಣವಲ್ಲ. ಸಗಟು ವ್ಯಾಪಾರಿ ಒಂದು ಡಿಸೈನನ್ನು ಸೈಜುಗಳ ಸೆಟ್ ಆಗಿ ಕೊಡುತ್ತಾನೆ. ಮೀಡಿಯಂ, ಲಾರ್ಜ್ ಮೊದಲ ತಿಂಗಳಲ್ಲೇ ಖಾಲಿ. ಉಳಿಯುವುದು ತೀರ ಚಿಕ್ಕದು, ತೀರ ದೊಡ್ಡದು. ಸೆಟ್ ಒಡೆದ ಮೇಲೆ ಗಿರಾಕಿ ಇಷ್ಟಪಟ್ಟು ಕೇಳಿದ ಸೈಜ್ ಇರುವುದಿಲ್ಲ, ಇರುವ ಸೈಜನ್ನು ಯಾರೂ ಕೇಳುವುದಿಲ್ಲ. ಚೆನ್ನಾಗಿ ಓಡಿದ ಡಿಸೈನೇ ಹೀಗೆ ಬಾಲ ಬಿಟ್ಟು ಹೋಗುತ್ತದೆ. ಚಪ್ಪಲಿ ಅಂಗಡಿಯವರನ್ನು ಕೇಳಿದರೆ ಇದೇ ಮಾತು ಇನ್ನೂ ಜೋರಾಗಿ ಹೇಳುತ್ತಾರೆ.

ಸುಮ್ಮನೆ ಕೂತರೆ ಏನು ನಷ್ಟ, ಕೊಳೆಯುವ ವಸ್ತುವಲ್ಲವಲ್ಲ ಎನ್ನಬಹುದು. ಆ 4 ಲಕ್ಷ ಶೇ. 12ರ ಬ್ಯಾಂಕ್ ಸಾಲದಿಂದ ಬಂದಿದ್ದರೆ ತಿಂಗಳಿಗೆ 4,000 ರೂಪಾಯಿ ಬಡ್ಡಿ. ಬಡ್ಡಿಗಿಂತ ದೊಡ್ಡ ಪೆಟ್ಟು ಬೇರೆ. ಹಣ ಕಟ್ಟಿಕೊಂಡ ಕಾರಣ ಸಗಟು ವ್ಯಾಪಾರಿಯ ಬಾಕಿ ತಡವಾಗುತ್ತದೆ. ಅವನು ಹೊಸ ಮಾಲನ್ನು ಮೊದಲು ಬೇರೆಯವರಿಗೆ ಕೊಡುತ್ತಾನೆ. ಹೊಸತು ಕಾಣದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮಾರಾಟ ಇಳಿಯುವುದು ಆಮೇಲೆ. ಅದಕ್ಕೇ ಹೇಳುವುದು, ಮಾರಾಟದ ಅಂಕಿ ಕೆಡುವ ಮೊದಲೇ ದಾಸ್ತಾನಿನ ಅಂಕಿ ಕೆಟ್ಟಿರುತ್ತದೆ.

ಲೆಕ್ಕಪತ್ರದ ನಿಯಮವೂ ಇಲ್ಲಿ ಕಣ್ಣು ಮುಚ್ಚಿಕೊಂಡಿಲ್ಲ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಕೊಂಡ ವೆಚ್ಚ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆ ಇರುವುದರಲ್ಲಿ ತೋರಿಸಬೇಕು. ಆ ಹಳೆಯ 4 ಲಕ್ಷದ ಮಾಲಿಗೆ ಈಗ 2 ಲಕ್ಷವಷ್ಟೇ ಸಿಗುವುದಾದರೆ ಅಂತಿಮ ದಾಸ್ತಾನು 15 ಲಕ್ಷ, ನಿವ್ವಳ ಲಾಭ 4ರ ಬದಲು 2 ಲಕ್ಷ. ಸಣ್ಣ ಅಂಗಡಿಗಳಲ್ಲಿ ಹೆಚ್ಚಾಗಿ ಬಿಲ್ಲಿನ ಬೆಲೆಯನ್ನೇ ವರ್ಷದಿಂದ ವರ್ಷಕ್ಕೆ ಎತ್ತಿ ಬರೆಯುತ್ತಾರೆ. ಕುತೂಹಲದ ಸಂಗತಿಯೆಂದರೆ, ಝಕಾತ್ ಲೆಕ್ಕಕ್ಕೆ ಮಾಲು ಎಣಿಸುವಾಗ ಅದೇ ವ್ಯಾಪಾರಿ ಕೊಂಡ ಬೆಲೆ ಬಿಟ್ಟು ಇಂದಿನ ಮಾರುಕಟ್ಟೆ ಬೆಲೆ ಹಿಡಿಯುತ್ತಾರೆ. ಅಂಗಡಿಯ ನಿಜವಾದ ಬೆಲೆ ಆ ಪಟ್ಟಿಯಲ್ಲೇ ಹೆಚ್ಚು ಸ್ಪಷ್ಟವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಝಕಾತ್ ಎಂದಾಗ ರಮಝಾನ್ ನೆನಪಾಯಿತು. ಈ ಅನುಪಾತ ಅತಿ ಹೆಚ್ಚು ದಾರಿ ತಪ್ಪಿಸುವುದು ಅಲ್ಲಿಯೇ. ನಮ್ಮ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಈದ್ ಮಾತ್ರ ಚಂದ್ರನ ಲೆಕ್ಕದಲ್ಲಿ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಈದುಲ್ ಫಿತ್ರ್ ಬಂದದ್ದು ಏಪ್ರಿಲ್ ಎರಡನೇ ವಾರದಲ್ಲಿ. ಮಾರ್ಚ್ 31ರಂದು ಹಬ್ಬದ ಮಾಲು ಅಂಗಡಿಗೆ ಬಂದಾಗಿತ್ತು, ಕೊನೆಯ ಹತ್ತು ದಿನಗಳ ಭರಾಟೆ ಇನ್ನೂ ಬಾಕಿಯಿತ್ತು. 2025ರಲ್ಲಿ ಈದ್ ಬಂದದ್ದು ಮಾರ್ಚ್ 31ರಂದೇ, ಅಂಗಡಿ ಬರಿದಾದ ದಿನ. ಹಾಗಾಗಿ 2024-25ರ ಲೆಕ್ಕದಲ್ಲಿ ಒಂದು ಹಬ್ಬದ ಕೊನೆಯ ಭರಾಟೆಯೂ ಮುಂದಿನ ಹಬ್ಬದ ಪೂರ್ತಿ ವ್ಯಾಪಾರವೂ ಸೇರಿಕೊಂಡವು, ಅಂತಿಮ ದಾಸ್ತಾನು ಕಡಿಮೆಯಾಗಿ ಕಂಡಿತು. ಈದ್ ವ್ಯಾಪಾರವನ್ನೇ ನಂಬಿದ ಅಂಗಡಿಗೆ ಆ ವರ್ಷದ ಅನುಪಾತ ಚೆನ್ನಾಗಿ ಬಂದರೆ ಅದರಲ್ಲಿ ಯಜಮಾನರ ಜಾಣ್ಮೆ ಎಷ್ಟು, ಚಂದ್ರನದ್ದೆಷ್ಟು ಎಂದು ಕೇಳಬೇಕು. ಹನ್ನೆರಡು ತಿಂಗಳ ಕೊನೆಯ ದಾಸ್ತಾನು ಕೂಡಿಸಿ ಸರಾಸರಿ ತೆಗೆದರೆ ಈ ಏರುಪೇರು ಬಹಳಷ್ಟು ತಗ್ಗುತ್ತದೆ. ಒಂದು ಈದ್‌ನಿಂದ ಮುಂದಿನ ಈದ್‌ವರೆಗೆ ಲೆಕ್ಕ ಹಾಕಿ ಹೋಲಿಸುವುದು ಇನ್ನೊಂದು ದಾರಿ.

ವಯಸ್ಸಿನ ಪಟ್ಟಿ ಇಲ್ಲಿಯೂ ನೆರವಿಗೆ ಬರುತ್ತದೆ. ನಮ್ಮ ಅಂಗಡಿಯ ಮಾಲು 13ರಿಂದ 17 ಲಕ್ಷಕ್ಕೆ ಏರಿದ್ದು ಹಬ್ಬದ ತಯಾರಿಗಾಗಿ ಎಂದು ಯಜಮಾನರು ಹೇಳಬಹುದು. ಹಾಗಿದ್ದರೆ ಹೆಚ್ಚಿನದೆಲ್ಲ 90 ದಿನದೊಳಗಿನ ಸಾಲಿನಲ್ಲಿ ಕಾಣಬೇಕಿತ್ತು. 17ರಲ್ಲಿ 10 ಲಕ್ಷ ಅದಕ್ಕಿಂತ ಹಳೆಯದಿರುವಾಗ ಆ ಮಾತು ನಿಲ್ಲುವುದಿಲ್ಲ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಟಾರ್ಗೆಟ್ ಎಂಬ ಚಿಲ್ಲರೆ ಮಾರಾಟ ಕಂಪನಿಯ ದಾಸ್ತಾನು 2022ರ ಏಪ್ರಿಲ್ ಕೊನೆಗೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 43 ಹೆಚ್ಚಿತ್ತು, ಆ ತ್ರೈಮಾಸಿಕದ ಮಾರಾಟ ಹೆಚ್ಚಿದ್ದು ಸುಮಾರು ಶೇ. 4 ಮಾತ್ರ. ಕೊರೋನಾ ಕಾಲದಲ್ಲಿ ಟಿವಿ, ಪೀಠೋಪಕರಣ, ಅಡುಗೆಮನೆಯ ಯಂತ್ರಗಳನ್ನು ಮುಗಿಬಿದ್ದು ಕೊಂಡಿದ್ದ ಜನ ಅವುಗಳಿಂದ ಕೈ ಹಿಂದೆಗೆದಿದ್ದರು. ಜೂನ್‌ನಲ್ಲಿ ಕಂಪನಿ ಬೆಲೆ ಇಳಿಸಿ ಮಾಲು ತೆರವು ಮಾಡುವುದಾಗಿ, ಕೊಟ್ಟಿದ್ದ ಆರ್ಡರ್‌ಗಳನ್ನು ರದ್ದು ಮಾಡುವುದಾಗಿ ಬಹಿರಂಗವಾಗಿ ಹೇಳಿತು. ಮುಂದಿನ ವರದಿಯಲ್ಲಿ ತ್ರೈಮಾಸಿಕ ಲಾಭ ಸುಮಾರು ಶೇ. 90 ಕುಸಿದಿತ್ತು. ಆದರೂ ಮಾಲನ್ನು ಹಿಡಿದಿಟ್ಟು ವರ್ಷಗಟ್ಟಲೆ ನರಳುವ ಬದಲು ಪೆಟ್ಟನ್ನು ಒಮ್ಮೆಗೇ ತಿಂದರು.

ನಮ್ಮ ಅಂಗಡಿಗೆ ಅದೇ ಲೆಕ್ಕ ಹಾಕೋಣ. 4 ಲಕ್ಷದ ಹಳೆ ಮಾಲನ್ನು 2 ಲಕ್ಷಕ್ಕೆ ಬಿಟ್ಟರೆ 2 ಲಕ್ಷ ನಷ್ಟ. ಕೈಗೆ ಬಂದ 2 ಲಕ್ಷದಲ್ಲಿ ಓಡುವ ಮಾಲು ತಂದರೆ ಅದು ವರ್ಷಕ್ಕೆ ನಾಲ್ಕು ಸಲ ತಿರುಗಿ 8 ಲಕ್ಷದ ಮಾಲು ಮಾರಿದಂತಾಗುತ್ತದೆ. ಈ ಅಂಗಡಿಯಲ್ಲಿ ಕೊಂಡ ಬೆಲೆಯ ಮೂರನೇ ಒಂದು ಭಾಗ ಒಟ್ಟು ಲಾಭ, ಅಂದರೆ ಸುಮಾರು 2.67 ಲಕ್ಷ. ವರ್ಷದೊಳಗೆ ನಷ್ಟ ತುಂಬಿ ಬರುತ್ತದೆ. ಇದಕ್ಕೊಂದು ಮಿತಿಯೂ ಇದೆ. ಪೇಟೆಯಲ್ಲಿ ಅಷ್ಟು ಹೆಚ್ಚುವರಿ ಮಾಲಿಗೆ ಗಿರಾಕಿ ಇರಬೇಕು, ಇಲ್ಲದಿದ್ದರೆ ಹೊಸ ಮಾಲೂ ನಾಳೆ ಹಳೆಯ ಸಾಲಿಗೆ ಸೇರುತ್ತದೆ. ವರ್ಷವಿಡೀ "ಭಾರೀ ರಿಯಾಯಿತಿ" ಬೋರ್ಡ್ ತೂಗುವ ಅಂಗಡಿಗಳಲ್ಲಿ ಆಗಿರುವುದು ಬಹುಶಃ ಅದೇ.

ಅನುಪಾತ ಏರಿತೆಂದು ಹಿಗ್ಗುವಾಗಲೂ ಒಮ್ಮೆ ಅಂಗಡಿಯೊಳಗೆ ಕಣ್ಣಾಡಿಸಬೇಕು. ಸಗಟು ವ್ಯಾಪಾರಿಗಳು ಉದ್ರಿ ನಿಲ್ಲಿಸಿ ಕಪಾಟು ಬರಿದಾಗುತ್ತಿದ್ದರೂ ಸರಾಸರಿ ದಾಸ್ತಾನು ಇಳಿದು ಅನುಪಾತ ಸ್ವಲ್ಪ ಕಾಲ ಮೇಲೇರುತ್ತದೆ.

ವಯಸ್ಸಿನ ಪಟ್ಟಿ ಮಾಡಲು ಕಂಪ್ಯೂಟರ್ ಬೇಕೆಂದಿಲ್ಲ. ಮಾಲು ಬಂದ ದಿನವೇ ಬೆಲೆಚೀಟಿಯ ಮೂಲೆಯಲ್ಲಿ ತಿಂಗಳು, ವರ್ಷ ಬರೆದಿಟ್ಟರೆ ಸಾಕು. ಮಾರ್ಚ್ ಕೊನೆಯಲ್ಲಿ ಮನೆಯ ಅಂಗಡಿಯ ಸ್ಟಾಕ್ ಎಣಿಸಲು ಕೂರುವವರು ತುಂಡುಗಳನ್ನು ಎಣಿಸುವಾಗ ಆ ಮೂಲೆಯನ್ನೂ ಓದಿ, ನಾಲ್ಕು ಸಾಲುಗಳಲ್ಲಿ ಬೇರೆ ಬೇರೆ ಬರೆಯಿರಿ.