ಗುಂಡಿ ಒತ್ತಿದ ಕ್ಷಣವೇ ಓಟ, ಒಪ್ಪಿಗೆ ಆಮೇಲೆ

1996ರ ಜೂನ್‌ನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ ‘ಕ್ವೇಕ್’ ಎಂಬ ಶೂಟಿಂಗ್ ಗೇಮ್ ಹೊರತಂದಿತು. ಒಂದೇ ಕಟ್ಟಡದ ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಜೋಡಿಸಿಕೊಂಡು ಆಡಿದವರಿಗೆ ಯಾವ ತೊಂದರೆಯೂ ಇರಲಿಲ್ಲ. ಟೆಲಿಫೋನ್ ಮೋಡೆಮ್ ಹಿಡಿದು ಇಂಟರ್‌ನೆಟ್‌ನಲ್ಲಿ ಆಡಿದವರ ಪಾಡು ಬೇರೆ. ಮುಂದೆ ಹೋಗುವ ಗುಂಡಿ ಒತ್ತಿದರೆ ಪಾತ್ರ ತುಸು ಹೊತ್ತು ನಿಂತಲ್ಲೇ ನಿಂತು, ಆಮೇಲೆ ಹೆಜ್ಜೆ ಎತ್ತುತ್ತಿತ್ತು.

ಕಾರಣ ಸರಳ. ಆಟಗಾರನ ಕಂಪ್ಯೂಟರ್ ಒತ್ತಿದ ಗುಂಡಿಯ ಸುದ್ದಿಯನ್ನಷ್ಟೇ ಸರ್ವರ್‌ಗೆ ಕಳಿಸುತ್ತಿತ್ತು. ಪಾತ್ರ ಎಲ್ಲಿಗೆ ಹೋಯಿತೆಂದು ಸರ್ವರ್ ಲೆಕ್ಕ ಹಾಕಿ ಉತ್ತರ ಕೊಟ್ಟ ಮೇಲೆಯೇ ಪರದೆಯಲ್ಲಿ ಚಲನೆ. ಹೋಗಿ ಬರಲು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ ಹಿಡಿದರೂ ಕೈಗೂ ಕಣ್ಣಿಗೂ ತಾಳ ತಪ್ಪುತ್ತದೆ.

ಹಾಗಾದರೆ ಆಟಗಾರನ ಕಂಪ್ಯೂಟರೇ ಜಾಗ ನಿರ್ಧರಿಸಿ ಸರ್ವರ್‌ಗೆ ತಿಳಿಸಬಾರದೇ? ಹಾಗೆ ಬಿಟ್ಟರೆ, ತನ್ನ ಕಂಪ್ಯೂಟರಿನ ಪ್ರೋಗ್ರಾಂ ತಿದ್ದಿಕೊಂಡವನು ಗೋಡೆಯ ಆಚೆ ಇದ್ದೇನೆ ಎಂದರೂ ಎಲ್ಲರೂ ನಂಬಬೇಕಾಗುತ್ತದೆ. ಕೊನೆಯ ಮಾತು ಸರ್ವರ್‌ನದೇ ಆಗಿರಬೇಕು; ಆದರೆ ಆಟಗಾರ ಅದಕ್ಕಾಗಿ ಕಾಯಬಾರದು.

ಈ ಎರಡನ್ನೂ ಹೊಂದಿಸಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ‘ಕ್ವೇಕ್‌ವರ್ಲ್ಡ್’. ಇಡ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅದರಲ್ಲಿ ಆಟಗಾರನ ಕಂಪ್ಯೂಟರಿಗೇ ಊಹಿಸುವ ಕೆಲಸ ಕೊಟ್ಟರು. ಗುಂಡಿ ಒತ್ತಿದ ಕೂಡಲೇ ಅದು ತಾನೇ ಲೆಕ್ಕ ಹಾಕಿ ಪಾತ್ರವನ್ನು ಸರಿಸುತ್ತದೆ, ಜೊತೆಗೆ ಆಜ್ಞೆಯನ್ನು ಸರ್ವರ್‌ಗೂ ಕಳಿಸುತ್ತದೆ. ಊಹಿಸುವುದು ಈ ತಂತ್ರದ ಸುಲಭದ ಭಾಗ. ನಿಜವಾದ ಜಾಣ್ಮೆ ಇರುವುದು ತಡವಾಗಿ ಬಂದ ಉತ್ತರವನ್ನು ಬಳಸಿಕೊಳ್ಳುವ ಬಗೆಯಲ್ಲಿ.

ಒಂದು ಲೆಕ್ಕ ನೋಡೋಣ. ಪಾತ್ರ ಸೊನ್ನೆಯಲ್ಲಿ ನಿಂತಿದೆ. 50 ಮಿಲಿಸೆಕೆಂಡಿಗೊಂದು ಆಜ್ಞೆ ಹೊರಡುತ್ತದೆ, ಪ್ರತಿ ಆಜ್ಞೆಗೆ ಪಾತ್ರ 10 ಅಳತೆ ಮುಂದೆ ಸರಿಯುತ್ತದೆ. ಪ್ರತಿ ಆಜ್ಞೆಗೂ ಒಂದು ಕ್ರಮಸಂಖ್ಯೆ. ಕಳಿಸಿದ ಆಜ್ಞೆಯ ಪ್ರತಿಯೊಂದು ಕಂಪ್ಯೂಟರಿನಲ್ಲೇ ಉಳಿಯುತ್ತದೆ. 200 ಮಿಲಿಸೆಕೆಂಡ್ ಕಳೆಯುವಾಗ ಐದನೇ ಆಜ್ಞೆ ಹೊರಟಿದೆ, ಪರದೆಯಲ್ಲಿ ಪಾತ್ರ 50ರಲ್ಲಿದೆ. ಅದೇ ಹೊತ್ತಿಗೆ ಸರ್ವರ್‌ನ ಮೊದಲ ಉತ್ತರ ಬರುತ್ತದೆ: ‘1ನೇ ಆಜ್ಞೆ ಮುಗಿಯಿತು, ನೀನು 10ರಲ್ಲಿದ್ದೀಯ’.

ಇದನ್ನು ಅಕ್ಷರಶಃ ಪಾಲಿಸಿದರೆ ಪಾತ್ರ 50ರಿಂದ 10ಕ್ಕೆ ಹಿಂದಕ್ಕೆ ಜಿಗಿಯುತ್ತದೆ. ಆದರೆ ಆ ಉತ್ತರ ಹಳೆಯ ಕ್ಷಣದ್ದು. ಆದ್ದರಿಂದ ಕಂಪ್ಯೂಟರ್ 1ನೇ ಆಜ್ಞೆಯನ್ನು ಪಟ್ಟಿಯಿಂದ ತೆಗೆದು, 10ನ್ನು ಖಚಿತ ಜಾಗವೆಂದು ಹಿಡಿದು, ಇನ್ನೂ ಉತ್ತರ ಬಾರದ 2, 3, 4, 5ನೇ ಆಜ್ಞೆಗಳನ್ನು ಕಣ್ಣಿಗೆ ಕಾಣದಂತೆ ಮತ್ತೆ ನಡೆಸುತ್ತದೆ. ಸಿಗುವುದು ಅದೇ 50. ಆಟಗಾರನಿಗೆ ಏನೂ ಗೊತ್ತಾಗುವುದಿಲ್ಲ. ಸರ್ವರ್‌ನಿಂದ ಹೊಸ ಉತ್ತರ ಬಂದಾಗಲೆಲ್ಲ ಈ ಹೊಂದಾಣಿಕೆ ನಡೆಯುತ್ತದೆ.

ಈಗ ಮತ್ತೊಬ್ಬ ಆಟಗಾರ ದಾರಿಗೆ ಅಡ್ಡ ಬಂದನೆನ್ನಿ. ಸರ್ವರ್‌ನಲ್ಲಿ ಪಾತ್ರ ಅವನಿಗೆ ತಾಗಿ 20ರಲ್ಲೇ ನಿಂತಿದೆ. ಆ ಸುದ್ದಿ ಇನ್ನೂ ದಾರಿಯಲ್ಲಿದೆ. 300 ಮಿಲಿಸೆಕೆಂಡಿನ ಹೊತ್ತಿಗೆ ‘3ನೇ ಆಜ್ಞೆ ಮುಗಿಯಿತು, ನೀನು 20ರಲ್ಲಿದ್ದೀಯ’ ಎಂಬ ಉತ್ತರ ಬರುವಾಗ ಪರದೆಯ ಪಾತ್ರ 70 ತಲುಪಿಬಿಟ್ಟಿದೆ. ಉಳಿದ ನಾಲ್ಕು ಆಜ್ಞೆಗಳನ್ನು ಮತ್ತೆ ನಡೆಸಿದರೂ ಅಡ್ಡ ನಿಂತವನು ಬಿಡುವುದಿಲ್ಲ. ಪಾತ್ರ ಸರ್ರನೆ 20ಕ್ಕೆ ಎಳೆದುಕೊಳ್ಳುತ್ತದೆ. ಆಟಗಾರರು ‘ರಬ್ಬರ್ ಬ್ಯಾಂಡಿಂಗ್’ ಎಂದು ಬೈದುಕೊಳ್ಳುವುದು ಇದನ್ನೇ. ನನ್ನ ಚಲನೆಯನ್ನು ನನ್ನ ಗುಂಡಿಗಳಿಂದ ಊಹಿಸಬಹುದು. ಇನ್ನೊಬ್ಬನ ಬೆರಳು ಮುಂದೆ ಏನು ಮಾಡೀತೆಂದು ಊಹಿಸಲು ಯಾವ ಕಂಪ್ಯೂಟರಿಗೂ ಆಗದು. ತಡ ಹೆಚ್ಚಿದಷ್ಟೂ ಉತ್ತರ ಬಾರದ ಆಜ್ಞೆಗಳು ಹೆಚ್ಚು, ತಪ್ಪಿದಾಗ ಹಿಂದಕ್ಕೆ ಬೀಳುವ ದೂರವೂ ಹೆಚ್ಚು.

ಆಜ್ಞೆ ದಾರಿಯಲ್ಲಿ ಕಳೆದುಹೋದರೂ ಹೀಗೇ ಆಗಬಹುದು. ಅದಕ್ಕೆಂದೇ ಕ್ವೇಕ್‌ವರ್ಲ್ಡ್ ಪ್ರತಿ ಪ್ಯಾಕೆಟ್‌ನಲ್ಲಿ ಹೊಸ ಆಜ್ಞೆಯ ಜೊತೆ ಹಿಂದಿನ ಎರಡನ್ನೂ ಸೇರಿಸಿ ಕಳಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಷರತ್ತು ಮತ್ತೊಂದಿದೆ: ಎರಡೂ ಕಡೆಯ ಚಲನೆಯ ಲೆಕ್ಕ ಒಂದೇ ಆಗಿರಬೇಕು. ಜಿಗಿತದ ಎತ್ತರ, ಗೋಡೆಗೆ ತಾಗಿ ಜಾರುವ ರೀತಿ, ಮೆಟ್ಟಿಲು ಹತ್ತುವ ನಿಯಮ, ಇದರಲ್ಲಿ ಯಾವುದು ಬೇರೆಯಾದರೂ ಸುತ್ತ ಯಾರೂ ಇಲ್ಲದಾಗಲೂ ಪಾತ್ರ ನಡುಗುತ್ತದೆ. 1999ರ ‘ಕ್ವೇಕ್ 3 ಅರೀನಾ’ದಲ್ಲಿ ಇದನ್ನು ಪತ್ತೆ ಹಚ್ಚಲು `cg_showmiss` ಎಂಬ ಸೆಟ್ಟಿಂಗ್ ಇದೆ. ಅದನ್ನು 1 ಮಾಡಿದರೆ ಊಹೆ ತಪ್ಪಿದಾಗಲೆಲ್ಲ ಎಷ್ಟು ತಪ್ಪಿತೆಂಬ ಸಂಖ್ಯೆ ಪರದೆಯಲ್ಲಿ ಬೀಳುತ್ತದೆ. ಸಣ್ಣ ತಪ್ಪನ್ನು ಆ ಗೇಮ್ ಒಮ್ಮೆಲೇ ತಿದ್ದದೆ 100 ಮಿಲಿಸೆಕೆಂಡಿನಲ್ಲಿ ನಯವಾಗಿ ಕರಗಿಸುವುದರಿಂದ ಬರಿಗಣ್ಣಿಗೆ ಕಾಣದ ದೋಷವನ್ನು ಹಿಡಿಯಲು ಈ ಸಂಖ್ಯೆಯೇ ಆಧಾರ. ಆಟಗಾರರು ಒಬ್ಬರಿಗೊಬ್ಬರು ತಾಗುವ ಕಡೆ ಮಾತ್ರ ಅದು ಕಂಡರೆ ಸಹಜ. ಖಾಲಿ ಕೋಣೆಯ ಮೆಟ್ಟಿಲಿನಲ್ಲಿ, ಸಂಪರ್ಕ ಚೆನ್ನಾಗಿರುವಾಗಲೂ ಮತ್ತೆ ಮತ್ತೆ ಕಂಡರೆ ಮೊದಲು ಅನುಮಾನಿಸಬೇಕಾದ್ದು ನೆಟ್‌ವರ್ಕನ್ನಲ್ಲ, ಚಲನೆಯ ಕೋಡನ್ನು.