ಮಗಳ ಪಾಲು ಮೂರು ಎಕರೆಯೋ, ಆರೋ?

ಅಜ್ಜನಿಂದ ಬಂದ, ಪಾಲಾಗದ 12 ಎಕರೆ ಪಿತ್ರಾರ್ಜಿತ ಜಮೀನು. ತಾಯಿ ಮೊದಲೇ ಇಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರು. ಉಳಿದವರು ಅಣ್ಣ, ತಂಗಿ.

1956ರ ಕಾಯ್ದೆಯ ಮೂಲ ಕ್ರಮದಲ್ಲಿ ಮೊದಲು ತಂದೆಗೂ ಮಗನಿಗೂ ತಲಾ 6 ಎಕರೆ ಲೆಕ್ಕ ಹಾಕಿ, ತಂದೆಯ ಆರನ್ನು ಮಾತ್ರ ಇಬ್ಬರಿಗೂ ಹಂಚುತ್ತಿದ್ದರು. ಅಣ್ಣನಿಗೆ 9, ತಂಗಿಗೆ 3! 2005ರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಈಗ ಮೂವರಿಗೂ ತಲಾ 4, ತಂದೆಯ ನಾಲ್ಕರಲ್ಲಿ ಮಕ್ಕಳಿಗೆ ತಲಾ 2. ಒಟ್ಟು ಸಮಸಮ 6. ಮದುವೆಯಾಗಿದ್ದರೂ ಅಷ್ಟೇ. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ವಿಭಾಗವನ್ನು ಕೆದಕುವಂತಿಲ್ಲ. ‘ಬಾಯಿಮಾತಲ್ಲೇ ಪಾಲಾಗಿತ್ತು’ ಎನ್ನುವ ಅಣ್ಣಂದಿರೇನೂ ಕಡಿಮೆಯಿಲ್ಲ; ಸರ್ಕಾರಿ ದಾಖಲೆಗಳ ಬೆಂಬಲವಿಲ್ಲದಿದ್ದರೆ ಆ ಮಾತು ಕೋರ್ಟಿನಲ್ಲಿ ನಿಲ್ಲದು.