28 ವ್ಯಾಟ್ ಅಂದರೆ ಮಾಲೀಕರಿಗೆ ಎಷ್ಟು ಉಳಿತಾಯ?

“28 ವ್ಯಾಟ್ ಬಿಎಲ್‌ಡಿಸಿ ಮೋಟರ್, 1200 ಎಂಎಂ ಸ್ವೀಪ್, ರಿಮೋಟ್, ಫೈವ್ ಸ್ಟಾರ್.” ಸೀಲಿಂಗ್ ಫ್ಯಾನ್ ಮಾರುವವರು ಪಿಜಿ ಮಾಲೀಕರಿಗೆ ಇಂಥ ವಾಟ್ಸ್‌ಆ್ಯಪ್ ಸಂದೇಶ ಕಳಿಸಿದರೆ ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಇದರಿಂದ ತನಗೇನು ಲಾಭ ಎನ್ನುವ ಲೆಕ್ಕವನ್ನು ಓದುವವರೇ ಹಾಕಿಕೊಳ್ಳಬೇಕು. ಅಷ್ಟು ಪುರುಸೊತ್ತು ಯಾರಿಗಿದೆ?

2001ರಲ್ಲಿ ಆ್ಯಪಲ್ ಕಂಪನಿ ಮೊದಲ ಐಪಾಡ್ ತಂದಾಗ ಅದರೊಳಗಿದ್ದದ್ದು 5 ಜಿಬಿ ಹಾರ್ಡ್ ಡಿಸ್ಕ್. ಕಂಪನಿ ಮುಂದಿಟ್ಟ ಮಾತು ಮಾತ್ರ ಜೇಬಿನಲ್ಲಿ ಸಾವಿರ ಹಾಡು ಎಂದು. ಜಿಬಿಯಿಂದ ಹಾಡಿನ ಲೆಕ್ಕಕ್ಕೆ ಬರುವ ಕೆಲಸವನ್ನು ಗಿರಾಕಿಯ ಪರವಾಗಿ ಕಂಪನಿಯೇ ಮಾಡಿತ್ತು.

ಫ್ಯಾನಿಗೂ ಅದನ್ನೇ ಮಾಡಬಹುದು. ಪಟ್ಟಿಯ ಒಂದೊಂದು ಅಂಶಕ್ಕೂ “ಅದರಿಂದ ಏನಾಗುತ್ತೆ?” ಎಂದು ಕೇಳುತ್ತಾ ಹೋಗಬೇಕು. ಹಳೆಯ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ, ಹೊಸದು 28. ಅಂದರೆ 47 ವ್ಯಾಟ್ ಉಳಿತಾಯ. ಪಿಜಿಯಲ್ಲಿ 30 ಫ್ಯಾನುಗಳು ದಿನಕ್ಕೆ 12 ಗಂಟೆ ತಿರುಗುತ್ತವೆ ಎಂದುಕೊಂಡರೆ ತಿಂಗಳಿಗೆ ಸುಮಾರು 500 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 4,000 ರೂಪಾಯಿ. ಹೊಸ ಫ್ಯಾನಿಗೆ ತಲಾ 1,500 ರೂಪಾಯಿ ಹೆಚ್ಚು ಕೊಟ್ಟರೂ ಆ 45,000 ರೂಪಾಯಿ ಒಂದು ವರ್ಷದೊಳಗೆ ವಾಪಸ್ ಬರುತ್ತದೆ.

ಪ್ರಶ್ನೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಇನ್ನೂ ಒಂದೆರಡು ಸಲ ಕೇಳಿದರೆ “ನೆಮ್ಮದಿಯ ಬದುಕು” ಎಂಬ ಉತ್ತರ ಬರುತ್ತದೆ. ಅದನ್ನು ಸೋಪಿನವರೂ ಹೇಳಬಹುದು, ವಿಮೆಯವರೂ ಹೇಳಬಹುದು. ಹಾಗೆಂದು 28 ವ್ಯಾಟ್ ಎನ್ನುವ ಅಂಕಿಯನ್ನು ಸಂದೇಶದಿಂದ ಕಿತ್ತುಹಾಕುವಂತಿಲ್ಲ. 4,000 ರೂಪಾಯಿಯ ಮಾತನ್ನು ನಂಬಲು ಅದೇ ಆಧಾರ.

ಎಡವುವುದು ಬೇರೆ ಕಡೆ. ಫ್ಯಾನು ದಿನಕ್ಕೆ ನಾಲ್ಕೇ ಗಂಟೆ ತಿರುಗುವ ಆಫೀಸಿಗೆ ಇದೇ ಲೆಕ್ಕ ಕಳಿಸಿದರೆ ಉಳಿತಾಯ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹಾಕಿದ ದುಡ್ಡು ಮರಳಲು ಮೂರು ವರ್ಷದ ಹತ್ತಿರ ಬೇಕಾಗುತ್ತದೆ. ಇನ್ನು ಕೆಲವು ಪಿಜಿಗಳಲ್ಲಿ ರೂಮಿಗೊಂದು ಸಬ್‌ಮೀಟರ್ ಇದ್ದು, ಕರೆಂಟ್ ಬಿಲ್ ಕಟ್ಟುವವರು ಬಾಡಿಗೆಗೆ ಇರುವವರೇ. ಅಲ್ಲಿ ಲಾಭವೇನೋ ಇದೆ, ಆದರೆ ಅದು ಸಂದೇಶ ಓದುವವರದ್ದಲ್ಲ.

ಅಂಥ ಮಾಲೀಕರ ತಲೆನೋವು ಕರೆಂಟ್ ಹೋದ ರಾತ್ರಿ ಬರುವ ಫೋನುಗಳು. 30 ಫ್ಯಾನುಗಳ ಹೊರೆ 2,250 ವ್ಯಾಟ್‌ನಿಂದ 840ಕ್ಕೆ ಇಳಿದರೆ ಅದೇ ಯುಪಿಎಸ್ ಹೆಚ್ಚು ಹೊತ್ತು ಬರುತ್ತದೆ. ಎಷ್ಟು ಗಂಟೆ ಎನ್ನುವುದು ಬ್ಯಾಟರಿಯ ವಯಸ್ಸು, ಜೊತೆಗೆ ಉರಿಯುವ ದೀಪಗಳ ಮೇಲೆ ನಿಂತಿದೆ. ಹಾಗಾಗಿ ಅವರಿಗೆ ಹೋಗುವ ಸಂದೇಶ ಹೀಗಿದ್ದರೆ ಸರಿ: “ಸರ್, ಕರೆಂಟ್ ಹೋದಾಗ ನಿಮ್ಮ ಈಗಿನ ಬ್ಯಾಟರಿಯಲ್ಲೇ ಫ್ಯಾನು ಇನ್ನಷ್ಟು ಹೊತ್ತು ತಿರುಗುತ್ತೆ. ಹಳೇ ಫ್ಯಾನು 75 ವ್ಯಾಟ್, ಇದು 28. ಒಂದು ರೂಮಿಗೆ ಹಾಕಿ ತೋರಿಸ್ತೀವಿ, ಯಾವಾಗ ಬರಲಿ?”